ಆ್ಯಪಲ್ ಸೈಡರ್ ವಿನೆಗರ್: ತೂಕ ಎಷ್ಟು ಇಳಿಯುತ್ತೆ, ಹಲ್ಲು ಎಷ್ಟು ಸವೆಯುತ್ತೆ?

ಇವತ್ತಿನ ಸಂಚಿಕೆಯಲ್ಲಿ ನಾನು ಮಾತಾಡ್ತಿರೋದು ಆ್ಯಪಲ್ ಸೈಡರ್ ವಿನೆಗರ್ ಬಗ್ಗೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ಕುಡಿದ್ರೆ ಹೊಟ್ಟೆ ಕರಗುತ್ತೆ, ಶುಗರ್ ಇಳಿಯುತ್ತೆ ಅಂತ ಹೇಳೋ ರೀಲ್ಸ್ ನಿಮ್ಮ ಫೋನಿಗೂ ಬಂದಿರುತ್ತೆ. ಈ ಮಾತು ಎಲ್ಲಿಂದ ಬಂತು, ಅದರ ಹಿಂದಿರುವ ಪ್ರಯೋಗಗಳು ನಿಜಕ್ಕೂ ಏನು ಹೇಳುತ್ತವೆ ಅಂತ ನೋಡೋಣ. ಆಮೇಲೆ ರೀಲ್ಸ್‌ನಲ್ಲಿ ಅಪರೂಪಕ್ಕೆ ಕೇಳಿಬರುವ ಹಲ್ಲಿನ ವಿಷಯಕ್ಕೆ ಬರ್ತೀನಿ.

ಮೊದಲು ತೂಕ. 2024ರಲ್ಲಿ ಲೆಬನಾನ್‌ನ ಒಂದು ಅಧ್ಯಯನ ಜಗತ್ತಿನಾದ್ಯಂತ ಸುದ್ದಿಯಾಯ್ತು. 12ರಿಂದ 25 ವರ್ಷದ 120 ಜನರ ಮೇಲೆ ನಡೆದ ಪ್ರಯೋಗದಲ್ಲಿ, 12 ವಾರ ಪ್ರತಿದಿನ ಈ ವಿನೆಗರ್ ಕುಡಿದವರು ಆರರಿಂದ ಎಂಟು ಕೆಜಿ ಇಳಿದರು ಅಂತ ಅದು ಹೇಳಿತ್ತು. ಬರೀ ಒಂದು ಚಮಚ ವಿನೆಗರ್‌ನಿಂದ ಅಷ್ಟು ತೂಕ ಇಳಿಯುತ್ತಾ ಅಂತ ಬೇರೆ ಸಂಶೋಧಕರಿಗೆ ಅನುಮಾನ ಬಂತು. ಅಂಕಿಅಂಶ ತಜ್ಞರು ಅದೇ ದತ್ತಾಂಶ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದರು, ಅದೇ ಉತ್ತರ ಬರಲಿಲ್ಲ. ದತ್ತಾಂಶದಲ್ಲೇ ನಂಬಲಾಗದ ಸಂಖ್ಯೆಗಳಿದ್ದವು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಪ್ರಕಟಿಸಿದ್ದ ಬಿಎಂಜೆ ಸಮೂಹವೇ ಅದನ್ನು ವಾಪಸ್ ತೆಗೆದುಕೊಂಡಿತು. ಹಾಗಾಗಿ 'ಮೂರು ತಿಂಗಳಲ್ಲಿ ಎಂಟು ಕೆಜಿ' ಅನ್ನುವ ಮಾತು ಈಗಲೂ ಎಲ್ಲಾದರೂ ಕಂಡರೆ, ಅದರ ಆಧಾರ ಬಿದ್ದುಹೋಗಿದೆ ಅಂತ ತಿಳ್ಕೊಳ್ಳಿ.

ಹಾಗಾದ್ರೆ ಉಳಿದಿರೋದು ಏನು? 2009ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ದಪ್ಪ ಇದ್ದ 175 ಜನರನ್ನು ಮೂರು ಗುಂಪು ಮಾಡಿದರು. ಎಲ್ಲರಿಗೂ ದಿನಕ್ಕೆ ಅರ್ಧ ಲೀಟರ್ ಪಾನೀಯ. ಒಂದು ಗುಂಪಿನ ಪಾನೀಯದಲ್ಲಿ ವಿನೆಗರ್ ಇರಲಿಲ್ಲ, ಇನ್ನೊಂದರಲ್ಲಿ 15 ಎಂಎಲ್, ಮೂರನೆಯದರಲ್ಲಿ 30 ಎಂಎಲ್. 12 ವಾರ ಆದ ಮೇಲೆ 15 ಎಂಎಲ್ ಕುಡಿದವರು ಸರಾಸರಿ 1.2 ಕೆಜಿ, 30 ಎಂಎಲ್ ಕುಡಿದವರು 1.9 ಕೆಜಿ ಇಳಿದಿದ್ದರು. ವಿನೆಗರ್ ಇಲ್ಲದವರು ಸುಮಾರು 0.4 ಕೆಜಿ ಏರಿದ್ದರು.

ಅಂದ್ರೆ ದಿನಕ್ಕೆ ಒಂದು ದೊಡ್ಡ ಚಮಚ ತಪ್ಪದೆ ಕುಡಿದರೆ ವಾರಕ್ಕೆ ನೂರು ಗ್ರಾಂ. ಬೆಳಿಗ್ಗೆ ಎದ್ದಾಗ ಒಂದು ತೂಕ, ಊಟ ಆದ ಮೇಲೆ ಇನ್ನೊಂದು ತೂಕ ಇರುತ್ತಲ್ಲ, ಆ ವ್ಯತ್ಯಾಸವೇ ಇದಕ್ಕಿಂತ ಜಾಸ್ತಿ. ಕುಡಿಯೋದು ನಿಲ್ಲಿಸಿ ನಾಲ್ಕು ವಾರ ಆಗುವಷ್ಟರಲ್ಲಿ ತೂಕ ಮತ್ತೆ ಹಳೆಯ ಕಡೆಗೆ ತಿರುಗಿತ್ತು. ಇನ್ನೊಂದು ಮಾತು: ಈ ಪ್ರಯೋಗ ನಡೆಸಿದ್ದು ಜಪಾನಿನ ವಿನೆಗರ್ ಕಂಪನಿ ಮಿಜ್ಕಾನ್‌ನ ಸಂಶೋಧಕರು. ಅದಕ್ಕೇ ಫಲಿತಾಂಶ ಸುಳ್ಳು ಅಂತಲ್ಲ. ಆದರೆ ವಿನೆಗರ್ ಮಾರುವವರೇ ಕಂಡುಕೊಂಡ ಲಾಭವೂ ಇಷ್ಟೇ ಅನ್ನೋದು ಗಮನಿಸಬೇಕಾದ್ದು.

ಈಗ ಶುಗರ್. ಇಲ್ಲಿ ವಿನೆಗರ್ ಪರವಾಗಿ ಸ್ವಲ್ಪ ಗಟ್ಟಿ ಕಾರಣ ಇದೆ. ಅದರಲ್ಲಿರುವ ಅಸಿಟಿಕ್ ಆಮ್ಲ ಹೊಟ್ಟೆಯಿಂದ ಊಟ ಕರುಳಿಗೆ ಇಳಿಯುವ ವೇಗವನ್ನು ಕಡಿಮೆ ಮಾಡುತ್ತೆ. ಪಿಷ್ಟ ನಿಧಾನವಾಗಿ ಇಳಿದರೆ ರಕ್ತದಲ್ಲಿ ಸಕ್ಕರೆಯೂ ನಿಧಾನವಾಗಿ ಏರುತ್ತೆ. 2004ರಲ್ಲಿ ಅಮೆರಿಕದ ಅರಿಜೋನಾದಲ್ಲಿ 29 ಜನರ ಮೇಲೆ ಇದನ್ನು ನೋಡಿದರು. ಅವರಿಗೆ 20 ಗ್ರಾಂ ವಿನೆಗರನ್ನು ನೀರಿನಲ್ಲಿ ಬೆರೆಸಿ ಕೊಟ್ಟು, ಆಮೇಲೆ ಬ್ರೆಡ್ಡು, ಬೆಣ್ಣೆ, ಕಿತ್ತಳೆ ಜ್ಯೂಸ್ ಕೊಟ್ಟರು. ಊಟದ ನಂತರ ಇನ್ಸುಲಿನ್ ಕೆಲಸ ಮಾಡುವ ರೀತಿ ಸುಧಾರಿಸಿತ್ತು. ಡಯಾಬಿಟಿಸ್ ಇನ್ನೂ ಬಂದಿಲ್ಲ, ಆದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನುವವರಲ್ಲಿ ಈ ಸುಧಾರಣೆ ಹೆಚ್ಚಿತ್ತು. ಟೈಪ್ 2 ಡಯಾಬಿಟಿಸ್ ಇದ್ದವರಲ್ಲಿ ಕಡಿಮೆ.

ಆದರೆ ಇದು ಒಂದು ಹೊತ್ತಿನ ಊಟದ ಲೆಕ್ಕ, ತಿಂಗಳುಗಟ್ಟಲೆ ನೋಡಿದ್ದಲ್ಲ. ಇನ್ನೊಂದು ಗಮನಿಸಿ: ವಿನೆಗರ್ ಕೊಟ್ಟಿದ್ದು ಊಟಕ್ಕೆ ಸ್ವಲ್ಪ ಮುಂಚೆ. ಬೆಳಿಗ್ಗೆ ಆರಕ್ಕೆ ವಿನೆಗರ್ ಕುಡಿದು ಹತ್ತಕ್ಕೆ ಇಡ್ಲಿ ತಿಂದರೆ ಈ ಕಾರಣವೇ ಅಲ್ಲಿ ಹೊಂದಲ್ಲ, ಯಾಕಂದ್ರೆ ನಿಧಾನ ಮಾಡೋಕೆ ಆಗ ಹೊಟ್ಟೆಯಲ್ಲಿ ಊಟವೇ ಇರಲ್ಲ.

ಇದೇ ಗುಣ ಕೆಲವರಿಗೆ ಅಪಾಯವೂ ಆಗಬಹುದು. ಇನ್ಸುಲಿನ್ ತಗೊಳ್ಳುವವರು ಊಟ ಇಷ್ಟು ಹೊತ್ತಿಗೆ ರಕ್ತಕ್ಕೆ ಸೇರುತ್ತೆ ಅಂತ ಅಂದಾಜಿಟ್ಟು ಡೋಸ್ ಹಾಕ್ಕೊಳ್ತಾರೆ. ಊಟ ತಡವಾಗಿ ಇಳಿದು ಇನ್ಸುಲಿನ್ ಮೊದಲೇ ಕೆಲಸ ಶುರು ಮಾಡಿದರೆ ಶುಗರ್ ತೀರಾ ಕೆಳಗೆ ಹೋಗಬಹುದು. ನಡುಕ, ಬೆವರು, ತಲೆಸುತ್ತು ಇದರ ಲಕ್ಷಣ. ಹಾಗಾಗಿ ಮನೆಯಲ್ಲಿ ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತಗೊಳ್ಳೋ ಅಪ್ಪ, ಅಮ್ಮ, ಅಜ್ಜಿ ಯಾರಾದರೂ ಇದ್ದರೆ ಡಾಕ್ಟರನ್ನು ಕೇಳದೆ ಇದನ್ನು ಶುರು ಮಾಡಿಸಬೇಡಿ. ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟು ಇದನ್ನು ಕುಡಿಸೋದಂತೂ ಬೇಡವೇ ಬೇಡ.

ಇನ್ನು ಹಲ್ಲು. ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲ್. ಬಾಯಿಯ ಪಿಹೆಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಅದರ ಖನಿಜ ಕರಗೋಕೆ ಶುರುವಾಗುತ್ತೆ. ವಿನೆಗರ್ ಪಿಹೆಚ್ 3ರ ಆಸುಪಾಸು. 'ನಾನು ನೀರು ಬೆರೆಸಿ ಕುಡೀತೀನಲ್ಲ' ಅಂತ ನೀವು ಹೇಳಬಹುದು. ಒಂದು ದೊಡ್ಡ ಚಮಚ ವಿನೆಗರನ್ನು ಒಂದು ಲೋಟ ನೀರಿಗೆ ಹಾಕಿದರೆ ಹುಳಿ ಕಡಿಮೆ ಅನ್ನಿಸುತ್ತೆ ನಿಜ. ಆದರೆ ಪಿಹೆಚ್ ಏರೋದು ಅರ್ಧದಷ್ಟು ಮಾತ್ರ, 3ರಿಂದ ಸುಮಾರು 3.5ಕ್ಕೆ. 5.5ರ ಹತ್ತಿರವೂ ಬರಲ್ಲ. ನೀರು ಬೆರೆಸಿದ್ರೆ ಗಂಟಲು ಉರಿಯೋದು ತಪ್ಪುತ್ತೆ, ಹಲ್ಲಿಗೆ ಸಿಗುವ ರಕ್ಷಣೆ ಮಾತ್ರ ಕಡಿಮೆಯೇ.

2012ರಲ್ಲಿ ನೆದರ್ಲೆಂಡ್ಸ್‌ನ ದಂತವೈದ್ಯರು ಒಂದು ಪ್ರಕರಣ ಬರೆದಿದ್ದಾರೆ. 15 ವರ್ಷದ ಹುಡುಗಿ ತೂಕ ಇಳಿಸೋಕೆ ದಿನಾ ಒಂದು ಲೋಟ ಈ ವಿನೆಗರ್ ಕುಡೀತಿದ್ದಳು. ಅವಳ ಹಲ್ಲು ಆಮ್ಲದಿಂದ ಸವೆದಿತ್ತು. ಅದು ತೀರಾ ಹೆಚ್ಚಿನ ಪ್ರಮಾಣ ಅಂತ ಬಿಟ್ಟುಬಿಡಬಹುದು. ಆದರೆ ಅರಿಜೋನಾದಲ್ಲೇ ನಡೆದ ಇನ್ನೊಂದು ಚಿಕ್ಕ ಪ್ರಯೋಗದಲ್ಲಿ, ನೀರಿನಲ್ಲಿ ಬೆರೆಸಿದ ವಿನೆಗರನ್ನು ಎಂಟು ವಾರ ಕುಡಿದ ವಯಸ್ಕರಲ್ಲಿ ಹಲ್ಲಿನ ಸವೆತ ಅಳೆಯುವ ಅಂಕ 18% ಏರಿತ್ತು. ಎಂಟೇ ವಾರದಲ್ಲಿ ಇಷ್ಟು.

ಇದು ನಿಮಗೆ ಗೊತ್ತಾಗೋದು ಹೇಗೆ? ತಣ್ಣೀರು, ಐಸ್‌ಕ್ರೀಂ ತಾಗಿದಾಗ ಹಲ್ಲು ಜುಮ್ ಅನ್ನೋದು ಮೊದಲ ಸುಳಿವು. ಮುಂದಿನ ಹಲ್ಲಿನ ಅಂಚು ಗಾಜಿನ ಹಾಗೆ ಪಾರದರ್ಶಕವಾಗಿ ಕಾಣಬಹುದು. ಹಲ್ಲು ಹಳದಿಯಾಗ್ತಾ ಹೋಗಬಹುದು. ಎಷ್ಟು ಉಜ್ಜಿದರೂ ಈ ಹಳದಿ ಹೋಗಲ್ಲ, ಯಾಕಂದ್ರೆ ಅದು ಕೊಳೆ ಅಲ್ಲ, ಎನಾಮಲ್ ತೆಳುವಾಗಿ ಒಳಪದರದ ಬಣ್ಣ ಕಾಣ್ತಿರೋದು. ಒಮ್ಮೆ ಸವೆದುಹೋದ ಎನಾಮಲ್ ಮತ್ತೆ ಬೆಳೆಯಲ್ಲ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಇಲ್ಲವಾಗಿರುತ್ತವೆ.

ಎಲ್ಲ ಕೇಳಿದ ಮೇಲೂ ಪ್ರಯತ್ನಿಸಬೇಕು ಅನ್ನಿಸಿದರೆ, ಕುಡಿಯೋ ಬದಲು ಊಟದ ಜೊತೆ ಸಲಾಡ್‌ಗೋ ಕೋಸಂಬರಿಗೋ ಒಂದೆರಡು ಚಮಚ ಹಾಕ್ಕೊಳ್ಳಿ. ಅಗಿಯುವಾಗ ಬರುವ ಜೊಲ್ಲು ಹಲ್ಲಿನ ಮೇಲಿನ ಆಮ್ಲವನ್ನು ಸ್ವಲ್ಪ ತೊಳೆಯುತ್ತೆ, ಊಟದ ಜೊತೆಗೇ ವಿನೆಗರ್ ಹೊಟ್ಟೆಗೂ ಹೋಗುತ್ತೆ. ಕುಡಿಯಲೇಬೇಕು ಅಂದ್ರೆ ನೀರು ಬೆರೆಸಿ, ಸ್ಟ್ರಾ ಹಾಕ್ಕೊಂಡು, ಒಂದೇ ಸಲಕ್ಕೆ ಮುಗಿಸಿ. ಬಾಟಲಿಗೆ ತುಂಬಿಸಿಕೊಂಡು ಆಫೀಸಿನಲ್ಲಿ ಗಂಟೆಗಟ್ಟಲೆ ಗುಟುಕರಿಸೋದು ಹಲ್ಲಿಗೆ ಅತಿ ಕೆಟ್ಟದ್ದು. ಕುಡಿದ ಮೇಲೆ ಸಾದಾ ನೀರಲ್ಲಿ ಬಾಯಿ ಮುಕ್ಕಳಿಸಿ. ತಕ್ಷಣ ಬ್ರಷ್ ಮಾಡಬೇಡಿ, ಮೆತ್ತಗಾದ ಎನಾಮಲ್ ಬ್ರಷ್ ತಾಗಿ ಇನ್ನಷ್ಟು ಸವೆಯುತ್ತೆ. ಕನಿಷ್ಠ ಅರ್ಧ ಗಂಟೆ, ಆದರೆ ಒಂದು ಗಂಟೆ ಬಿಡಿ. ಎದ್ದ ಕೂಡಲೇ ಕುಡಿದು ಹಾಗೇ ಹಲ್ಲುಜ್ಜೋಕೆ ಹೋಗೋ ಅಭ್ಯಾಸ ಇದ್ದರೆ ಬದಲಾಯಿಸಬೇಕಾಗಿರೋದು ಮೊದಲು ಅದನ್ನೇ.

ವಾರಕ್ಕೆ ನೂರು ಗ್ರಾಂ ಒಂದು ಕಡೆ, ಮತ್ತೆ ಬೆಳೆಯದ ಎನಾಮಲ್ ಇನ್ನೊಂದು ಕಡೆ. ನನ್ನ ಲೆಕ್ಕದಲ್ಲಿ ವಿನೆಗರ್ ಅಡುಗೆಮನೆಯಲ್ಲೇ ಇದ್ದರೆ ಒಳ್ಳೇದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.