ಅರವತ್ತು ಎಂದವರು ಎಲ್ಲಿ ತಪ್ಪಿದರು?

ಒಂದು ಪ್ರೌಢಶಾಲೆ ಎಂದುಕೊಳ್ಳಿ. ಹತ್ತನೇ ತರಗತಿಗೆ ಮೂರು ವಿಭಾಗ. ಪೂರ್ವಸಿದ್ಧತಾ ಪರೀಕ್ಷೆ ಮುಗಿದಿದೆ, ಗಣಿತದ ಮೇಷ್ಟ್ರುಗಳು ತಮ್ಮ ತಮ್ಮ ವಿಭಾಗದ ಸರಾಸರಿಯನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ: ಎ ವಿಭಾಗ 72, ಬಿ ವಿಭಾಗ 63, ಸಿ ವಿಭಾಗ 45. ಹೆಡ್‌ಮಾಸ್ಟರು ಮೂರನ್ನೂ ಕೂಡಿಸುತ್ತಾರೆ, 180. ಮೂರರಿಂದ ಭಾಗಿಸಿ, ‘ನಮ್ಮ ಶಾಲೆಯ ಗಣಿತದ ಸರಾಸರಿ 60’ ಎಂದು ವರದಿಗೆ ಬರೆಯುತ್ತಾರೆ. ಕೂಡಿಸಿದ್ದೂ ಸರಿ, ಭಾಗಿಸಿದ್ದೂ ಸರಿ. ಉತ್ತರ ಮಾತ್ರ ತಪ್ಪು.

ಎ ವಿಭಾಗದಲ್ಲಿ ಪರೀಕ್ಷೆ ಬರೆದವರು 60 ಮಂದಿ, ಬಿಯಲ್ಲಿ 40, ಸಿಯಲ್ಲಿ ಬರೀ 20. ಒಂದು ಹಂಡೆ ಬಿಸಿನೀರಿಗೆ ಒಂದು ಚೊಂಬು ತಣ್ಣೀರು ಸುರಿದರೆ ಸ್ನಾನದ ನೀರು ಅರ್ಧಕ್ಕರ್ಧ ತಣ್ಣಗಾಗುತ್ತದೆಯೇ? ಹೆಡ್‌ಮಾಸ್ಟರ ಲೆಕ್ಕ ಹಂಡೆಗೂ ಚೊಂಬಿಗೂ ಒಂದೇ ಬೆಲೆ ಕಟ್ಟಿತು.

ಸರಿದಾರಿ ಇದು: ಸರಾಸರಿಗಳನ್ನು ಕೂಡಿಸಬೇಡಿ, ಮೊದಲು ಅವುಗಳನ್ನು ಒಟ್ಟು ಅಂಕಗಳಾಗಿ ಬಿಚ್ಚಿ. ಸರಾಸರಿ ಎಂದರೆ ಒಟ್ಟು ಅಂಕವನ್ನು ತಲೆಗಳಿಂದ ಭಾಗಿಸಿದ್ದು ತಾನೆ? ಹಾಗಾದರೆ ಸರಾಸರಿಯನ್ನು ತಲೆಗಳಿಂದ ಗುಣಿಸಿದರೆ ಒಟ್ಟು ಅಂಕ ವಾಪಸು ಬರಬೇಕು. ಎ ವಿಭಾಗದ 60 ಮಕ್ಕಳು ಸರಾಸರಿ 72ರಂತೆ ಗಳಿಸಿದ್ದು 4,320. ಬಿ ವಿಭಾಗದ್ದು 2,520. ಸಿ ವಿಭಾಗದ್ದು 900. ಮೂರೂ ಸೇರಿ 7,740. ಪರೀಕ್ಷೆ ಬರೆದವರು ಒಟ್ಟು 120. ಭಾಗಿಸಿದರೆ 64.5. ಅಷ್ಟೂ ಉತ್ತರಪತ್ರಿಕೆಗಳನ್ನು ಒಂದೇ ಕಟ್ಟು ಮಾಡಿ ಸರಾಸರಿ ತೆಗೆದಿದ್ದರೂ ಇದೇ ಬರುತ್ತಿತ್ತು. ಮೂರು ವಿಭಾಗದಲ್ಲೂ ಸಮಸಂಖ್ಯೆಯ ಮಕ್ಕಳಿದ್ದರೆ ಹೆಡ್‌ಮಾಸ್ಟರ ಅಡ್ಡದಾರಿಯೂ ಸರಿ ಉತ್ತರಕ್ಕೇ ಮುಟ್ಟಿಸುತ್ತದೆ. ಈ ತಪ್ಪು ಇಷ್ಟು ದಿನ ಬಾಳುವುದಕ್ಕೆ ಅದೂ ಒಂದು ಕಾರಣ.

ಕಂಪ್ಯೂಟರಿನಲ್ಲಿ ಮಾಡುವವರು ಮಕ್ಕಳ ಸಂಖ್ಯೆಯನ್ನು B ಅಂಕಣದಲ್ಲೂ ಸರಾಸರಿಯನ್ನು C ಅಂಕಣದಲ್ಲೂ ಹಾಕಿ ಹೀಗೆ ಬರೆದರೆ ಸಾಕು:

```
=SUMPRODUCT(B2:B4,C2:C4)/SUM(B2:B4)
```

ಅಲ್ಲಿ AVERAGE ಎಂದು ಬರೆದರೆ ಮತ್ತೆ ಅದೇ 60.

ಇಲ್ಲಿಯವರೆಗೆ ಸುಲಭ. ಲೆಕ್ಕ ನಿಜವಾಗಿ ಹದಗೆಡುವುದು ಗೈರುಹಾಜರಾದವರಿಂದ. ಸಿ ವಿಭಾಗದ ಹಾಜರಿ ಪುಸ್ತಕದಲ್ಲಿ 25 ಹೆಸರುಗಳಿವೆ, ಐವರು ಪರೀಕ್ಷೆಗೇ ಬರಲಿಲ್ಲ ಎನ್ನಿ. ಮೇಷ್ಟ್ರು 900 ಅಂಕವನ್ನು ಭಾಗಿಸಿದ್ದು ಬರೆದ 20 ಮಂದಿಯಿಂದ, ಸರಾಸರಿ 45 ಬಂತು. ಆದರೆ ವರದಿ ಸಿದ್ಧಪಡಿಸುವವರ ಕೈಗೆ ಸಿಕ್ಕಿದ್ದು ಹಾಜರಿ ಪುಸ್ತಕ. ಅವರು 45ನ್ನು 25ರಿಂದ ಗುಣಿಸುತ್ತಾರೆ, 1,125 ಆಗುತ್ತದೆ. ಯಾರೂ ಬರೆಯದ ಪರೀಕ್ಷೆಯಲ್ಲಿ 225 ಅಂಕ ಹುಟ್ಟಿಕೊಂಡಿತು! ಗೈರಾದವರಿಗೆ ಸೊನ್ನೆ ಹಾಕಿ 25ರಿಂದಲೇ ಭಾಗಿಸಿದ್ದರೆ ಸರಾಸರಿ 36 ಆಗುತ್ತಿತ್ತು. ಅದನ್ನು 25ರಿಂದ ಗುಣಿಸಿದರೆ ಮತ್ತೆ ಅದೇ 900. ಭಾಗಿಸಿದ ಸಂಖ್ಯೆಯಿಂದಲೇ ಗುಣಿಸಬೇಕು ಎಂಬುದಿಷ್ಟೇ ಗುಟ್ಟು. ಗೈರಾದವರನ್ನು ಲೆಕ್ಕಕ್ಕೆ ಸೇರಿಸಬೇಕೇ ಬೇಡವೇ ಎಂಬುದು ಬೇರೆ ತೀರ್ಮಾನ. ಏನೇ ಆದರೂ ಮೂರೂ ವಿಭಾಗಕ್ಕೆ ಒಂದೇ ನಿಯಮ ಇರಲಿ.

ಇಂಥ ತಪ್ಪನ್ನು ಹಿಡಿಯಲು ನಾನು ನೆಚ್ಚುವ ಒಂದು ಉಪಾಯವಿದೆ. ಅರ್ಧ ಅಂಕ ಕೊಡದ ಪರೀಕ್ಷೆಯಾದರೆ ವಿಭಾಗದ ಒಟ್ಟು ಅಂಕ ಪೂರ್ಣ ಸಂಖ್ಯೆಯೇ ಆಗಿರಬೇಕು. 39 ಮಕ್ಕಳ ಸರಾಸರಿ 63.33 ಎಂದರೆ ಗುಣಲಬ್ಧ 2469.87. ದಶಮಾಂಶ ಕತ್ತರಿಸಿದ್ದರಿಂದ ಆದ ಸಣ್ಣ ಕೊರತೆ ಅದು, ನಿಜವಾದ ಮೊತ್ತ 2,470. ಅದೇ ಸರಾಸರಿಯನ್ನು 41 ಮಕ್ಕಳದು ಎಂದು ಯಾರಾದರೂ ಕೊಟ್ಟರೆ 2596.53 ಬರುತ್ತದೆ, ಅತ್ತ 2,596ಕ್ಕೂ ಇತ್ತ 2,597ಕ್ಕೂ ಹತ್ತಿರವಿಲ್ಲ. ಮಕ್ಕಳ ಸಂಖ್ಯೆಯೋ ಸರಾಸರಿಯೋ, ಯಾವುದೋ ಒಂದು ತಪ್ಪಿದೆ. ಸರಾಸರಿಯನ್ನು ಎರಡು ದಶಮಾಂಶದವರೆಗೆ ಕೇಳಿ ಪಡೆದರೆ ಮಾತ್ರ ಈ ಪರೀಕ್ಷೆ ನಡೆಯುತ್ತದೆ. ಬರೀ ‘63’ ಎಂದು ಕೊಟ್ಟರೆ ಏನೂ ಗೊತ್ತಾಗದು.

ಇನ್ನು ಮರುವರ್ಷದ ಕಥೆ. ಸಿ ವಿಭಾಗದ ದಾಖಲಾತಿ ಏರಿದೆ, ಎ ವಿಭಾಗದ್ದು ಇಳಿದಿದೆ, ಮೂರರಲ್ಲೂ ಈಗ 40 ಮಕ್ಕಳು. ಮೇಷ್ಟ್ರುಗಳು ಬೆವರು ಸುರಿಸಿ ಎಲ್ಲರೂ ಸರಾಸರಿ ಏರಿಸಿದ್ದಾರೆ: 73, 64, 47. ಶಾಲೆಯ ಒಟ್ಟು ಸರಾಸರಿ? 61.33. ಹೋದ ವರ್ಷದ 64.5ಕ್ಕಿಂತ ಮೂರು ಅಂಕಕ್ಕೂ ಹೆಚ್ಚು ಕಡಿಮೆ! ಸಂಖ್ಯಾಶಾಸ್ತ್ರದವರು ಇಂಥದ್ದನ್ನು ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ. ಬ್ರಿಟನ್ನಿನ ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಈ ಬಗೆಯ ಗೋಜಲನ್ನು ಕುರಿತು ಬರೆದರು. ಇಲ್ಲಿ ಯಾರ ಪಾಠವೂ ಕೆಟ್ಟಿಲ್ಲ, ಹಿಂದೆ ಚೊಂಬಿನಷ್ಟಿದ್ದ ವಿಭಾಗ ಈಗ ಹಂಡೆಯಷ್ಟಾಗಿದೆ. ಒಟ್ಟು ಸರಾಸರಿಯೊಂದನ್ನೇ ಹಿಡಿದು ಮೇಷ್ಟ್ರುಗಳನ್ನು ಸಭೆಯಲ್ಲಿ ನಿಲ್ಲಿಸುವ ಮುನ್ನ ಪಕ್ಕದ ಅಂಕಣದಲ್ಲಿ ಮಕ್ಕಳ ಸಂಖ್ಯೆ ಎಷ್ಟಿದೆ ಎಂದು ಹೆಡ್‌ಮಾಸ್ಟರು ಒಮ್ಮೆ ಕಣ್ಣಾಡಿಸಬೇಕು.