ರಾತ್ರಿ ಹತ್ತರ ನಂತರ ಒಂದು ಹನಿ ರಕ್ತ

ಕಲಬುರಗಿ ಕಡೆಯ ಹಳ್ಳಿಯೊಂದರ 46 ವರ್ಷದ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಎಡಗಾಲು ಏಳೆಂಟು ವರ್ಷದಿಂದ ಊದಿದೆ, ಆಗಾಗ ಚಳಿಜ್ವರ ಬಂದು ಕಾಲು ಕೆಂಪಾಗುತ್ತದೆ. ಆನೆಕಾಲು ಎಂಬ ಅನುಮಾನದ ಮೇಲೆ ಆರೋಗ್ಯ ಕಾರ್ಯಕರ್ತರು ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಮನೆಗೆ ಬರುತ್ತೇವೆ ಅನ್ನುತ್ತಾರೆ.

ಆ ಹೊತ್ತಿಗೆ ಕಾರಣವಿದೆ. ನಮ್ಮಲ್ಲಿ ಆನೆಕಾಲು ತರುವ ಮುಖ್ಯ ಹುಳು ವುಚೆರೇರಿಯಾ ಬ್ಯಾಂಕ್ರಾಫ್ಟಿ. ಅದರ ಮರಿಗಳಾದ ಮೈಕ್ರೋಫೈಲೇರಿಯಾ ಹಗಲು ಹೆಚ್ಚಾಗಿ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಅಡಗಿದ್ದು, ರಾತ್ರಿ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ರೋಗ ಹರಡುವ ಕ್ಯುಲೆಕ್ಸ್ ಸೊಳ್ಳೆ ಕಚ್ಚುವುದೂ ರಾತ್ರಿಯೇ. ಹಾಗಾಗಿ ಹತ್ತರಿಂದ ಎರಡರೊಳಗೆ ರಕ್ತ ತೆಗೆಯುತ್ತಾರೆ. ರಾತ್ರಿ ಪಾಳಿ ಮಾಡಿ ಹಗಲು ಮಲಗುವವರಲ್ಲಿ ಈ ಲೆಕ್ಕ ತಲೆಕೆಳಗಾಗಬಹುದು, ಅದನ್ನು ಮೊದಲೇ ಹೇಳಬೇಕು.

ಬೆರಳ ತುದಿ ಚುಚ್ಚಿ ಬಂದ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ದಪ್ಪಗೆ ಸವರುತ್ತಾರೆ. ಪೂರ್ತಿ ಒಣಗಿದ ಮೇಲೆ ನೀರಿನಲ್ಲಿಟ್ಟು ಕೆಂಪು ಬಣ್ಣ ಬಿಡಿಸಿ, ಗೀಮ್ಸಾದಂಥ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತೆಳು ಪೊರೆಯೊಳಗೆ ಸಾಲಾಗಿ ಚುಕ್ಕೆಗಳಿರುವ, ಬಾಲದ ತುದಿಯಲ್ಲಿ ಮಾತ್ರ ಚುಕ್ಕೆಯಿಲ್ಲದ ಮರಿ ಕಂಡರೆ ಬ್ಯಾಂಕ್ರಾಫ್ಟಿ ಖಚಿತ. ಲೇಪ ಸರಿಯಾಗಿ ಒಣಗದಿದ್ದರೆ ತೊಳೆಯುವಾಗಲೇ ಕಿತ್ತುಹೋಗುತ್ತದೆ. ಪಟ್ಟಿಯ ಮೇಲೆ ರಕ್ತ ತೆಗೆದ ವೇಳೆ ಬರೆಯದಿದ್ದರೆ, ಹುಳು ಕಾಣಲಿಲ್ಲ ಎಂಬ ವರದಿಯನ್ನು ನಂಬುವುದು ಕಷ್ಟ.

ನಮ್ಮ ಹೆಣ್ಣುಮಗಳ ಲೇಪದಲ್ಲಿ ಹುಳುವಿಲ್ಲ. ಇದರಿಂದ ರೋಗವೇ ಇಲ್ಲ ಎಂದು ತಿಳಿಯುವುದು ತಪ್ಪು. ವರ್ಷಗಟ್ಟಲೆ ಊದಿದ ಕಾಲಿನವರಲ್ಲಿ ಹೀಗಾಗುವುದೇ ಹೆಚ್ಚು: ದೊಡ್ಡ ಹುಳುಗಳು ಸತ್ತಿರುತ್ತವೆ, ಅವು ಕೆಡಿಸಿದ ದುಗ್ಧನಾಳಗಳು ಮಾತ್ರ ಹಾಗೇ ಉಳಿದಿರುತ್ತವೆ. ಜೀವಂತ ಹುಳು ಅಡಗಿದೆಯೇ ಎಂದು ತಿಳಿಯಲು ಆಂಟಿಜೆನ್ ಪರೀಕ್ಷೆ ಇದೆ, ಅದಕ್ಕೆ ಹಗಲಿನ ರಕ್ತವೂ ಸಾಕು. ಅದರಲ್ಲೂ ಇಲ್ಲವೆಂದು ಬಂದರೆ, ಹುಳು ಕೊಲ್ಲುವ ಮಾತ್ರೆಯಿಂದ ಕಾಲಿನ ಊತ ಇಳಿದೀತೆಂಬ ಆಸೆ ಇಟ್ಟುಕೊಳ್ಳಬಾರದು. ಅವಳಿಗೆ ಬೇಕಾದದ್ದು ದಿನಾ ಸೋಪು ನೀರಿನಲ್ಲಿ ಕಾಲು ತೊಳೆಯುವುದು, ಬೆರಳ ಸಂದಿಗಳನ್ನು ಬಟ್ಟೆಯಿಂದ ಒತ್ತಿ ಒಣಗಿಸುವುದು, ಬಿರುಕಿಗೆ ಮುಲಾಮು, ಮಲಗುವಾಗ ಕಾಲಿನ ಕೆಳಗೆ ದಿಂಬು. ಆ ಚಳಿಜ್ವರಗಳು ಸಾಮಾನ್ಯವಾಗಿ ಚರ್ಮದ ಬಿರುಕಿನಿಂದ ನುಗ್ಗುವ ಬ್ಯಾಕ್ಟೀರಿಯಾದವು. ಜ್ವರ ಬಂದಾಗ ಆಂಟಿಬಯೋಟಿಕ್ ಬೇಕಾಗುತ್ತದೆ, ಬಂದಷ್ಟೂ ಸಲ ಊತ ಬೆಳೆಯುತ್ತದೆ.

ಅದೇ ರಾತ್ರಿ ಮನೆಯವರ ರಕ್ತವನ್ನೂ ತೆಗೆದಿದ್ದರು. ಊತದ ಸುಳಿವೇ ಇಲ್ಲದ ಮಗನ ಲೇಪದಲ್ಲಿ ಮರಿಗಳಿವೆ. ಸೊಳ್ಳೆಗೆ ಹುಳು ಸಿಗುವುದು ಇಂಥವರಿಂದ. ಅವನಿಗೆ ಡಿಇಸಿ ಮಾತ್ರೆ, ತೂಕದ ಪ್ರತಿ ಕಿಲೋಗೆ ದಿನಕ್ಕೆ 6 ಮಿಲಿಗ್ರಾಂ. 50 ಕಿಲೋ ಇದ್ದರೆ 100 ಮಿಲಿಗ್ರಾಂನ ಮೂರು ಮಾತ್ರೆ, ಊಟವಾದ ಮೇಲೆ, 12 ದಿನ. ಮೊದಲ ದಿನಗಳಲ್ಲಿ ಜ್ವರ, ತಲೆನೋವು ಬಂದರೆ ಅದು ಸಾಯುತ್ತಿರುವ ಮರಿಗಳಿಂದ. ಅದಕ್ಕೆ ಹೆದರಿ ಮಾತ್ರೆ ಬಿಡುವವರು ಬಹಳ, ಆದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಗ್ಗುತ್ತದೆ. ಗರ್ಭಿಣಿಯರಿಗೆ ಈ ಮಾತ್ರೆ ಕೊಡುವುದಿಲ್ಲ. ಕೆಲವು ತಿಂಗಳ ನಂತರ ಮಗನ ರಕ್ತವನ್ನು ಮತ್ತೆ ನೋಡಬೇಕು, ಆಗಲೂ ರಾತ್ರಿ ಹತ್ತರ ಮೇಲೆಯೇ.