ಅನುಕಂಪದ ಪ್ರತ್ಯಯ: ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್‌ನ ಕನ್ನಡ ವರ್ಣನೆಯಲ್ಲಿ ‘-ಊ’

ಸಾರಾಂಶ: ಅಂಗವೈಕಲ್ಯವನ್ನು ಕುರಿತ ಗೌರವಯುತ ಭಾಷೆಯ ಚರ್ಚೆ ಕನ್ನಡದಲ್ಲಿ ಬಹುಮಟ್ಟಿಗೆ ನಾಮಪದಗಳ ಆಯ್ಕೆಗೆ ಸೀಮಿತವಾಗಿದೆ. ಅನುಕಂಪದ ಅರ್ಥವು ನಾಮಪದಕ್ಕಿಂತ ಹೆಚ್ಚಾಗಿ ‘-ಊ’ ಪ್ರತ್ಯಯ, ಕೃದಂತ ಮತ್ತು ಕ್ರಿಯಾಪದದ ಗೌರವರೂಪಗಳಲ್ಲಿ ನೆಲೆಸಿರುತ್ತದೆ ಎಂಬುದನ್ನು ಒಂದು ಕ್ರೀಡಾವರದಿಯ ವಾಕ್ಯದ ಮೂಲಕ ಇಲ್ಲಿ ವಿವರಿಸಲಾಗಿದೆ.

1. ಸಮಸ್ಯೆ

ಪ್ರಸ್ತುತ ಲೇಖಕಿಯ ಊರು ಕೊಪ್ಪ ತಾಲ್ಲೂಕಿನ ಭಂಡಿಗಡಿ. ಏರುತಗ್ಗಿನ ಅಂಗಳ, ಮೆಟ್ಟಿಲಿನ ಜಗುಲಿಗಳ ಇಂಥ ಮಲೆನಾಡಿನ ಊರುಗಳಲ್ಲಿ ಗಾಲಿಕುರ್ಚಿ ಎಂದೊಡನೆ ನೆನಪಾಗುವುದು ಆಸ್ಪತ್ರೆಯೇ ಹೊರತು ಆಟದ ಅಂಕಣವಲ್ಲ. ಕರ್ನಾಟಕದ ತಂಡಗಳು ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡುತ್ತಿವೆ. ಚೆನ್ನೈ ಕೇಂದ್ರಿತ ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಫೆಡರೇಶನ್ ಆಫ್ ಇಂಡಿಯಾ 2014ರಲ್ಲೇ ಸ್ಥಾಪನೆಯಾಗಿದೆ. ಆದರೆ ಆಟವನ್ನು ವರ್ಣಿಸುವವರ ಕೈಗೆ ಮೊದಲು ಸಿಗುವುದು ಆಸ್ಪತ್ರೆಯ ಶಬ್ದಕೋಶವೇ. ಕೆಳಗಿನದು ವಿಶ್ಲೇಷಣೆಗಾಗಿ ನಾನೇ ಕಟ್ಟಿದ ವಾಕ್ಯ. ಅದರ ಒಂದೊಂದು ಭಾಗವೂ ಕನ್ನಡ ಓದುಗರಿಗೆ ಪರಿಚಿತವಾದುದೇ.

(1) ಕಾಲುಗಳ ಸ್ವಾಧೀನವಿಲ್ಲದಿದ್ದರೂ, ಗಾಲಿಕುರ್ಚಿಗೇ ಸೀಮಿತಳಾದ ಈ ಅಂಗವಿಕಲೆ ಎದೆಗುಂದದೆ 12 ಅಂಕ ಗಳಿಸಿ ತಂಡವನ್ನು ಗೆಲ್ಲಿಸಿದಳು.

2. ನಾಮಪದದ ಬದಲಾವಣೆ ಮತ್ತು ಅದರ ಮಿತಿ

ಮೊದಲ ತಿದ್ದುಪಡಿ ಸಾಮಾನ್ಯವಾಗಿ ‘ಅಂಗವಿಕಲೆ’ ಎಂಬ ಪದಕ್ಕೆ ಆಗುತ್ತದೆ. ಅದರ ಬದಲಿಗೆ ರಾಜ್ಯದ ಇಲಾಖೆಯ ಹೆಸರಿನಲ್ಲೇ ಇರುವ ‘ವಿಕಲಚೇತನ’ ಬರಬಹುದು. ಆದರೆ ಸಮಾಸವನ್ನು ಬಿಡಿಸಿದರೆ ಇಲ್ಲಿ ವಿಕಲವಾಗಿರುವುದು ಅಂಗವಲ್ಲ, ಚೇತನ. ಸೌಜನ್ಯಕ್ಕಾಗಿ ಬಂದ ಪದವು ನ್ಯೂನತೆಯನ್ನು ದೇಹದಿಂದ ಚೈತನ್ಯಕ್ಕೆ ವಿಸ್ತರಿಸಿದೆ. 2015ರ ಡಿಸೆಂಬರ್‌ನಲ್ಲಿ ಪ್ರಧಾನಿಯವರು ಸೂಚಿಸಿದ ‘ದಿವ್ಯಾಂಗ’ ಇದರ ವಿರುದ್ಧ ದಿಕ್ಕಿಗೆ ಹೋಗಿ ಅಂಗಕ್ಕೆ ದೈವಿಕತೆಯನ್ನು ಆರೋಪಿಸುತ್ತದೆ. ಈ ಪದವು ವಿವಾದಾಸ್ಪದವಾಗಿಯೇ ಉಳಿದಿದೆಯೆಂದು ಅಂಗವೈಕಲ್ಯವುಳ್ಳವರ ಹಕ್ಕುಗಳ ವಿಶ್ವಸಂಸ್ಥೆಯ ಸಮಿತಿ 2019ರಲ್ಲಿ ಗುರುತಿಸಿತು.

ವ್ಯಕ್ತಿಯನ್ನು ಮೊದಲು, ವೈಕಲ್ಯವನ್ನು ಅನಂತರ ಹೇಳಬೇಕೆಂಬ ಇಂಗ್ಲಿಷಿನ ಸೂತ್ರವೂ ಇಲ್ಲಿ ಯಥಾವತ್ತಾಗಿ ಒದಗುವುದಿಲ್ಲ. ಕನ್ನಡದಲ್ಲಿ ವಿಶೇಷಣವು ವಿಶೇಷ್ಯಕ್ಕಿಂತ ಮೊದಲೇ ಬರುವುದರಿಂದ ‘ಅಂಗವೈಕಲ್ಯವುಳ್ಳ ಆಟಗಾರ್ತಿ’ ಎಂಬಲ್ಲಿ ವ್ಯಕ್ತಿ ಕೊನೆಯಲ್ಲಿಯೇ ಇರುತ್ತಾಳೆ. ನಮ್ಮಲ್ಲಿ ಮುಖ್ಯವಾಗುವುದು ಪದಕ್ರಮವಲ್ಲ, ಪದಪುಂಜದ ಶೀರ್ಷಸ್ಥಾನ. ‘ಅಂಗವಿಕಲೆ’ ಎಂಬಲ್ಲಿ ವಿಶೇಷಣವೇ ನಾಮಪದವಾಗಿ ಆ ಸ್ಥಾನವನ್ನು ಆಕ್ರಮಿಸಿದೆ. ‘ಅಂಗವೈಕಲ್ಯವುಳ್ಳ ಆಟಗಾರ್ತಿ’ಯಲ್ಲಿ ಅದು ಆಟಗಾರ್ತಿಗೆ ಉಳಿದಿದೆ. ಆದರೆ ಇಷ್ಟನ್ನೇ ತಿದ್ದಿದರೆ ವಾಕ್ಯ (1)ರ ಧ್ವನಿ ಬದಲಾಗುವುದಿಲ್ಲ.

3. ‘-ಊ’ ಮಾಡುವ ಕೆಲಸ

‘ಇಲ್ಲದಿದ್ದರೂ’ ಎಂಬ ರೂಪವು ಪಕ್ಷಾರ್ಥಕವಾದ ‘ಇಲ್ಲದಿದ್ದರೆ’ಗೆ ‘-ಊ’ ಸೇರಿ ಆದುದು. ಈ ‘-ಊ’ ‘ರಾಮನೂ ಬಂದ’ ಎಂಬಲ್ಲಿ ಕೇವಲ ಸೇರ್ಪಡೆಯನ್ನು ಸೂಚಿಸುತ್ತದೆ. ‘ಮಕ್ಕಳೂ ಮಾಡಬಲ್ಲರು’ ಎಂಬಲ್ಲಿ ಒಂದು ಶ್ರೇಣಿಯನ್ನು ಕಲ್ಪಿಸಿ, ಹೆಸರಿಸಿದವರನ್ನು ಅದರ ಕೆಳತುದಿಯಲ್ಲಿ ಇರಿಸುತ್ತದೆ. ಪಕ್ಷಾರ್ಥಕಕ್ಕೆ ಸೇರಿದಾಗ ಉಂಟಾಗುವುದು ಈ ಎರಡನೆಯ ಅರ್ಥವೇ: ಕಾಲುಗಳ ಸ್ವಾಧೀನವಿಲ್ಲದವರು ಅಂಕ ಗಳಿಸುವುದು ಅನಿರೀಕ್ಷಿತ ಎಂಬ ನಿರೀಕ್ಷೆಯನ್ನು ವಾಕ್ಯವು ಓದುಗರೊಡನೆ ಈಗಾಗಲೇ ಹಂಚಿಕೊಂಡಂತೆ ನಟಿಸುತ್ತದೆ.

ಈ ನಿರೀಕ್ಷೆಯು ವಾಕ್ಯದ ಪ್ರತಿಪಾದನೆಯಲ್ಲ, ಪೂರ್ವಗ್ರಹೀತ. ವಾಕ್ಯವನ್ನು ಪ್ರಶ್ನೆಯಾಗಿಸಿದರೆ ಇದು ತಿಳಿಯುತ್ತದೆ.

(2) ಕಾಲುಗಳ ಸ್ವಾಧೀನವಿಲ್ಲದಿದ್ದರೂ ಆಕೆ 12 ಅಂಕ ಗಳಿಸಿದಳೇ?

ಅಂಕ ಗಳಿಸಿದ್ದು ಇಲ್ಲಿ ಸಂದೇಹಕ್ಕೆ ಒಳಗಾದರೂ, ಗಳಿಸುವುದು ಕಷ್ಟವೆಂಬ ಊಹೆ ಹಾಗೆಯೇ ಉಳಿಯುತ್ತದೆ. ಉತ್ತರ ಹೌದಾಗಲಿ ಅಲ್ಲವಾಗಲಿ, ಓದುಗರು ಆ ಊಹೆಯನ್ನು ಒಪ್ಪಿಯೇ ಮುಂದುವರಿಯಬೇಕು. ‘ವಿಶೇಷಚೇತನರೂ ಬ್ಯಾಸ್ಕೆಟ್‌ಬಾಲ್ ಆಡಬಲ್ಲರು’ ಎಂಬ ಸದುದ್ದೇಶದ ವಾಕ್ಯದಲ್ಲಿಯೂ ಇದೇ ನಡೆಯುತ್ತದೆ: ನಾಮಪದ ಹೊಸದು, ಪ್ರತ್ಯಯ ಹಳೆಯದು.

ಈ ಊಹೆ ಅಗೌರವದ್ದು ಮಾತ್ರವಲ್ಲ, ಆಟದ ದೃಷ್ಟಿಯಿಂದ ತಪ್ಪೂ ಹೌದು. ಈ ಆಟದಲ್ಲಿ ಎಲ್ಲರೂ ಕುರ್ಚಿಯಲ್ಲಿ ಕುಳಿತೇ ಆಡುತ್ತಾರೆ. ಕಾಲಿನ ಶಕ್ತಿಯು ಯಾರಿಗೂ ಓಟವನ್ನು ಒದಗಿಸುವುದಿಲ್ಲ. ಆದುದರಿಂದ ಕಾಲಿಗೂ ಅಂಕಕ್ಕೂ ‘-ಊ’ ಸೂಚಿಸುವ ಬಗೆಯ ವಿರೋಧವೇ ಇಲ್ಲ. ಆಟದೊಳಗಿನ ವಿರೋಧಕ್ಕಾದರೆ ಈ ಪ್ರತ್ಯಯ ಸಹಜವಾಗಿ ಒದಗುತ್ತದೆ:

(3) ಮೂರನೆಯ ಅವಧಿಯಲ್ಲೇ ನಾಲ್ಕು ಫೌಲ್‌ಗಳಾಗಿದ್ದರೂ ತರಬೇತುದಾರರು ಆಕೆಯನ್ನು ಅಂಕಣದಲ್ಲೇ ಉಳಿಸಿದರು.

ಐದನೆಯ ಫೌಲ್‌ಗೆ ಆಟಗಾರ್ತಿ ಹೊರಹೋಗಬೇಕಾದುದರಿಂದ ಇಲ್ಲಿನ ನಿರೀಕ್ಷೆಯನ್ನು ನಿಯಮವೇ ಒದಗಿಸಿದೆ.

4. ‘ಸೀಮಿತ’ ಎಂಬ ಕೃದಂತ

‘ಗಾಲಿಕುರ್ಚಿಗೇ ಸೀಮಿತಳಾದ’ ಎಂಬುದು ಕುರ್ಚಿಯನ್ನು ಮೇರೆಯಾಗಿ, ವ್ಯಕ್ತಿಯನ್ನು ಅದರೊಳಗೆ ಸಿಲುಕಿದವಳಾಗಿ ಕಾಣುತ್ತದೆ. ಆಟದ ನಿಯಮಗಳು ಇದಕ್ಕೆ ವ್ಯತಿರಿಕ್ತವಾಗಿವೆ. ಸಂಪರ್ಕ ಮತ್ತು ಗಡಿರೇಖೆಗಳ ವಿಷಯದಲ್ಲಿ ಕುರ್ಚಿಯು ಆಟಗಾರ್ತಿಯ ದೇಹದ ಭಾಗವೆಂದೇ ಪರಿಗಣಿತವಾಗಿದೆ: ಎದುರಾಳಿಯ ಕುರ್ಚಿಗೆ ನಿಯಮಬಾಹಿರವಾಗಿ ಡಿಕ್ಕಿ ಹೊಡೆದರೆ ಅದು ಆಕೆಗೇ ಡಿಕ್ಕಿ ಹೊಡೆದಂತೆ. ಚೆಂಡನ್ನು ತೊಡೆಯ ಮೇಲಿಟ್ಟು ಗಾಲಿಯನ್ನು ಎರಡು ಬಾರಿಯವರೆಗೆ ತಳ್ಳಬಹುದು. ಮೂರನೆಯ ತಳ್ಳುವಿಕೆಗೆ ಮೊದಲು ಚೆಂಡನ್ನು ನೆಲಕ್ಕೆ ಪುಟಿಸಬೇಕು, ಜೊತೆಗಾರರಿಗೆ ಕೊಡಬೇಕು ಅಥವಾ ಬುಟ್ಟಿಗೆ ಎಸೆಯಬೇಕು. ನಿಂತು ಆಡುವ ಆಟದಲ್ಲಿ ‘ಹೆಜ್ಜೆ’ ಮಾಡುವ ಕೆಲಸವನ್ನು ಇಲ್ಲಿ ‘ತಳ್ಳು’ ಮಾಡುತ್ತದೆ.

ಇನ್ನೊಂದು ವಾಸ್ತವಾಂಶವೂ ಇದೆ. ಈ ಆಟವನ್ನು ಆಡುವ ಎಲ್ಲರೂ ದಿನನಿತ್ಯ ಗಾಲಿಕುರ್ಚಿ ಬಳಸುವವರಲ್ಲ. ಕೃತಕ ಕಾಲು ಧರಿಸಿ ನಡೆದು ಬಂದು ಆಟದ ಕುರ್ಚಿಗೆ ಏರುವವರೂ ಇದ್ದಾರೆ. ಅವರ ವಿಷಯದಲ್ಲಿ ‘ಸೀಮಿತ’ ಎಂಬುದು ಅಕ್ಷರಶಃ ಸುಳ್ಳು.

5. ‘ಅಂಕ’ದ ಗೊಂದಲ

ವೈಕಲ್ಯವನ್ನು ಹೇಳಲೇಬೇಕಾದ ಸಂದರ್ಭ ಆಟದಲ್ಲಿ ಒಂದಿದೆ: ವರ್ಗೀಕರಣ. ಮುಂಡದ ನಿಯಂತ್ರಣ ಮತ್ತು ಚಲನೆಯ ವ್ಯಾಪ್ತಿಯನ್ನು ಆಧರಿಸಿ ಪ್ರತಿಯೊಬ್ಬರಿಗೂ 1.0ರಿಂದ 4.5ರವರೆಗೆ ಅರ್ಧರ್ಧ ಏರಿಕೆಯ ಒಂದು ಸಂಖ್ಯೆ ದೊರೆಯುತ್ತದೆ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಅಂಕಣದಲ್ಲಿರುವ ಐವರ ಮೊತ್ತ 14ನ್ನು ಮೀರುವಂತಿಲ್ಲ. 4.5, 4.0, 3.0, 1.5, 1.0 ವರ್ಗದವರು ಸೇರಿದರೆ ಮೊತ್ತ ಸರಿಯಾಗಿ 14, ಇವರಲ್ಲಿ 1.5ರ ಬದಲು 2.0 ವರ್ಗದವರನ್ನು ಇಳಿಸಿದರೆ ಮೊತ್ತ 14.5 ಆಗಿ ಆ ತಂಡ ನಿಯಮಬಾಹಿರವಾಗುತ್ತದೆ.

ಈ ಸಂಖ್ಯೆಯನ್ನೂ ‘ಅಂಕ’ ಎಂದರೆ ‘1.5 ಅಂಕದ ಆಟಗಾರ್ತಿ’ ಎಂಬುದು ಆಕೆಯ ಗಳಿಕೆಯಂತೆ ಅಥವಾ ಯೋಗ್ಯತೆಯ ಮೌಲ್ಯಮಾಪನದಂತೆ ಕೇಳಿಸುತ್ತದೆ. ‘ವರ್ಗಾಂಕ’ ಎಂಬ ಸಮಾಸ ಈ ಗೊಂದಲವನ್ನು ತಪ್ಪಿಸುತ್ತದೆ. ಅದು ಕೌಶಲವನ್ನಾಗಲಿ ರೋಗವನ್ನಾಗಲಿ ಹೆಸರಿಸದೆ, ಆಟಕ್ಕೆ ಸಂಬಂಧಿಸಿದಷ್ಟು ದೈಹಿಕ ಮಾಹಿತಿಯನ್ನು ಮಾತ್ರ ಕೊಡುತ್ತದೆ.

6. ಮರುರಚನೆ

ವಾಕ್ಯ (1)ರಲ್ಲಿ ಇನ್ನೊಂದು ಅಂಶ ಉಳಿದಿದೆ: ‘ಗೆಲ್ಲಿಸಿದಳು’. ಪತ್ರಿಕೆಗಳು ವಯಸ್ಕ ಕ್ರೀಡಾಪಟುಗಳಿಗೆ ಸಾಮಾನ್ಯವಾಗಿ ‘-ಅರು’ ಬಳಸುತ್ತವೆ; ಇಲ್ಲಿನ ‘-ಅಳು’ ಆಟಗಾರ್ತಿಯನ್ನು ಎಳೆಯವಳಾಗಿಸಿ ಸಾಂತ್ವನದ ಪಾತ್ರವಾಗಿಸುತ್ತದೆ. ಇಷ್ಟನ್ನೂ ಗಮನಿಸಿ ಅದೇ ಪಂದ್ಯವನ್ನು ಹೀಗೆ ವರ್ಣಿಸಬಹುದು:

(4) 1.5 ವರ್ಗಾಂಕದ ಈ ಆಟಗಾರ್ತಿ 12 ಅಂಕ ಗಳಿಸಿದರು. ಕೊನೆಯ ನಿಮಿಷಗಳಲ್ಲಿ ಎದುರಾಳಿಯ ದಾರಿಗೆ ಕುರ್ಚಿಯನ್ನು ಅಡ್ಡ ನಿಲ್ಲಿಸಿ ಜೊತೆಗಾರ್ತಿಗೆ ಬುಟ್ಟಿಯ ಬಳಿ ಜಾಗ ಮಾಡಿಕೊಟ್ಟು ತಂಡವನ್ನು ಗೆಲ್ಲಿಸಿದರು.

‘ಎದೆಗುಂದದೆ’ ಎಂಬುದು ಬಿಟ್ಟುಹೋದಲ್ಲಿ ಗೆಲುವು ಹೇಗಾಯಿತೆಂಬುದು ಸೇರಿದೆ. ವಾಕ್ಯ (1) ಓದಿದವರಿಗೆ ಅದು ತಿಳಿಯುತ್ತಿರಲಿಲ್ಲ.

ಈ ವಿಶ್ಲೇಷಣೆ ವರದಿಗಾರರ ಮೂರನೆಯ ಪುರುಷದ ವರ್ಣನೆಗೆ ಮಾತ್ರ ಅನ್ವಯಿಸುತ್ತದೆ. ಆಟಗಾರ್ತಿಯೇ ತನ್ನ ಬದುಕನ್ನು ಹೇಳುತ್ತ ‘ಹೀಗಿದ್ದರೂ ಆಡಿದೆ’ ಎಂದರೆ, ಆ ನಿರೀಕ್ಷೆ ಯಾರದಾಗಿತ್ತು ಎಂಬುದನ್ನು ಆಕೆ ಬಲ್ಲರು. ಆ ‘-ಊ’ವನ್ನು ತಿದ್ದುವ ಅಧಿಕಾರ ಸಂಪಾದಕರಿಗಿಲ್ಲ.